ಒಂದೇ ಸೀರೆಗೆ ಮೂರು ಬೆಲೆ: ಆಷಾಢ ಸೇಲ್‌ನ ಗೊಂದಲ ಬಿಡಿಸುವುದು ಹೇಗೆ?

ಪ್ರಶ್ನೆ: ಸರ್, ಮಂಡ್ಯದ ಪೇಟೆ ಬೀದಿ ಹತ್ತಿರ ನಮ್ಮದು ಸೀರೆ ಅಂಗಡಿ. ಆಷಾಢ ಸೇಲ್‌ಗೆ ಅಣ್ಣ ಪಾಂಪ್ಲೆಟ್ ಮಾಡಿಸಿದರು, ಮಗಳು ವಾಟ್ಸಾಪ್‌ಗೆ ಹಾಕಿದಳು, ಬ್ಯಾನರ್ ಬೇರೆ, ಆಟೋ ಅನೌನ್ಸ್‌ಮೆಂಟ್ ಬೇರೆ. ಈಗ 2,400ರ ಒಂದೇ ಸೀರೆಗೆ ಒಬ್ಬರು 1,680 ಅಂತಾರೆ, ಇನ್ನೊಬ್ಬರು 1,600 ಅಂತಾರೆ, ಗಲ್ಲಾದಲ್ಲಿ ಬಿಲ್ 1,814 ಬರುತ್ತಿದೆ. ರೇಷ್ಮೆಗೆ 10% ಮಾತ್ರ ಕೊಡೋದು ಅಂತಿತ್ತು, ಅದು ಎಲ್ಲೂ ಬಂದಿಲ್ಲ. ಕೊನೆಯ ದಿನ ಯಾವುದು ಅಂತಲೂ ಜಗಳ. ಎಲ್ಲದರ ಫೋಟೊ ಕಳಿಸಿದ್ದೇನೆ. ಎಲ್ಲಿಂದ ಸರಿ ಮಾಡಲಿ?

ಉತ್ತರ: ಮೊದಲು ಆಟೋ ನಿಲ್ಲಿಸಿ. ಮಿಕ್ಕಿದ್ದನ್ನೆಲ್ಲ ಸಂಜೆ ಕೂತು ನೋಡಬಹುದು. ಆದರೆ ಆಟೋ ಊರು ಸುತ್ತುತ್ತಿದ್ದರೆ ಗಂಟೆಗೊಂದಷ್ಟು ಹೊಸ ಜನ 1,600 ಅಂತ ಕೇಳಿಸಿಕೊಳ್ಳುತ್ತಾರೆ. ಕಾಗದದ ತಪ್ಪನ್ನು ತೋರಿಸಿ ಮಾತಾಡಬಹುದು. ಕಿವಿಗೆ ಬಿದ್ದ ಬೆಲೆಗೆ ಸಾಕ್ಷಿಯೇ ಇರಲ್ಲ, ಅಲ್ವಾ?

ನೀವು ಕಳಿಸಿದ ಫೋಟೊಗಳನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿದೆ. ಈ ಮೂರು ಬೆಲೆಗಳಲ್ಲಿ ಯಾವುದೂ ಸುಮ್ನೆ ಹುಟ್ಟಿದ್ದಲ್ಲ. ಒಂದೊಂದಕ್ಕೂ ಒಂದು ಕಾರಣ ಇದೆ. ಕಾರಣ ಗೊತ್ತಾಗದೆ ತಿದ್ದಲು ಹೋದರೆ ಒಂದು ಕಡೆ ಸರಿ ಮಾಡಿದ್ದು ಇನ್ನೊಂದು ಕಡೆ ಕೆಡುತ್ತದೆ.

ಪಾಂಪ್ಲೆಟ್‌ನಲ್ಲಿ "ಎಲ್ಲ ಸೀರೆಗಳ ಮೇಲೆ 30% ರಿಯಾಯಿತಿ" ಅಂತಿದೆ. 2,400ಕ್ಕೆ 30% ಅಂದರೆ 720 ರೂಪಾಯಿ. ಕಳೆದರೆ 1,680. ಇದು ನೇರ ಲೆಕ್ಕ.

ವಾಟ್ಸಾಪ್‌ನಲ್ಲಿ ಮಗಳು "20% + 10%" ಅಂತ ಹಾಕಿದ್ದಾಳೆ. ಅವಳ ಮನಸ್ಸಿನಲ್ಲಿ ಇದೂ 30%ನೇ. ಗಿರಾಕಿಗಳೂ ಹಾಗೇ ಓದಿಕೊಳ್ಳುತ್ತಾರೆ. ಆದರೆ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಗೆ ಓದಲ್ಲ. ಮೊದಲ 20% ಕಳೆದಾಗ 1,920 ಆಗುತ್ತದೆ. ಎರಡನೇ 10% ಈ 1,920ರ ಮೇಲೆ, ಅಂದರೆ 192 ರೂಪಾಯಿ. ಉಳಿದದ್ದು 1,728. ಒಟ್ಟು ಸಿಕ್ಕಿದ ರಿಯಾಯಿತಿ 28%. ದೊಡ್ಡ ಅಂಗಡಿಗಳು ಹೀಗೆ ಬೇಕಂತಲೇ ಬರೆಯುವುದುಂಟು, ನೋಡಲು ಜಾಸ್ತಿ ಕಾಣುತ್ತದೆ ಅಂತ. ನಿಮ್ಮ ಮನೆಯಲ್ಲಿ ಅದು ಗೊತ್ತಿಲ್ಲದೆ ಆಗಿದೆ.

ಈ 1,728 ಗಲ್ಲಾದಲ್ಲಿ 1,814 ಆಗಿದ್ದು ಹೇಗೆ? ಸೀರೆಗೆ ಜಿಎಸ್‌ಟಿ 5%. 1,728ಕ್ಕೆ 5% ಅಂದರೆ 86 ರೂಪಾಯಿ 40 ಪೈಸೆ. ಕೂಡಿದರೆ 1,814 ರೂಪಾಯಿ 40 ಪೈಸೆ. ಅಂದರೆ ನಿಮ್ಮ ಕಂಪ್ಯೂಟರಿನಲ್ಲಿ ಟ್ಯಾಗ್ ಬೆಲೆಯನ್ನು "ತೆರಿಗೆ ಸೇರದ ಬೆಲೆ" ಅಂತ ಹಾಕಿಬಿಟ್ಟಿದ್ದಾರೆ. ಟ್ಯಾಗ್ ಮೇಲೆ ಎಂಆರ್‌ಪಿ ಅಂತ ಅಚ್ಚಾಗಿರುವುದು ಫೋಟೊದಲ್ಲಿ ಕಾಣುತ್ತಿದೆ. ಎಂಆರ್‌ಪಿ ಅಂದರೇನೇ ಎಲ್ಲ ತೆರಿಗೆ ಸೇರಿದ ಬೆಲೆ. ಎಂಆರ್‌ಪಿ ಮೇಲೆ ಇಷ್ಟು ಪರ್ಸೆಂಟ್ ಕಡಿಮೆ ಅಂತ ಜಾಹೀರಾತು ಕೊಟ್ಟು, ಬಿಲ್‌ನಲ್ಲಿ ಮತ್ತೆ ತೆರಿಗೆ ಸೇರಿಸುವುದು ತಪ್ಪು ಅಂತ ರಾಷ್ಟ್ರೀಯ ಗ್ರಾಹಕ ಆಯೋಗ 2017ರಲ್ಲೇ ಹೇಳಿದೆ. ಇದೊಂದನ್ನು ಮಾತ್ರ ಇವತ್ತು ರಾತ್ರಿಯೇ ಸರಿ ಮಾಡಿಸಿ. ಇಷ್ಟು ದಿನ ಹೀಗೆ ಬಿಲ್ ಆದವರಲ್ಲಿ ಯಾರಾದರೂ ಬಿಲ್ ಹಿಡಿದು ಬಂದರೆ ಜಾಸ್ತಿ ತೆಗೆದುಕೊಂಡ ದುಡ್ಡನ್ನು ವಾಪಸ್ ಕೊಡಿ. ಈ ಸೀರೆಗಾದರೆ 1,814ರಲ್ಲಿ 1,680 ಕಳೆದರೆ 134 ರೂಪಾಯಿ ಆಗುತ್ತದೆ.

ನನಗೆ ಖುಷಿ ಕೊಟ್ಟಿದ್ದು 1,600. ಅದು ಎಲ್ಲಿಂದ ಬಂತು ಅಂತ ಮೊದಲು ಗೊತ್ತೇ ಆಗಲಿಲ್ಲ. 2,400ಕ್ಕೆ 1,600 ಅಂದರೆ ಮೂರನೇ ಒಂದು ಭಾಗ ಕಡಿಮೆ. ಆ ಲೆಕ್ಕವನ್ನು ನಿಮ್ಮ ಮನೆಯಲ್ಲಿ ಯಾರೂ ಹಾಕಿಲ್ಲ. ಆಮೇಲೆ 1,680ನ್ನು 1.05ರಿಂದ ಭಾಗಿಸಿ ನೋಡಿದೆ. ಸರಿಯಾಗಿ 1,600. ಅದಕ್ಕೆ 5% ತೆರಿಗೆ 80 ರೂಪಾಯಿ. ಅಂದರೆ ಆಟೋದವರಿಗೆ ಬೆಲೆ ಹೇಳಿದವರು ತೆರಿಗೆಗೆ ಮುಂಚಿನ ಅಂಕಿಯನ್ನು ಓದಿ ಹೇಳಿದ್ದಾರೆ ಅಂತ ನನ್ನ ಊಹೆ. ಅಣ್ಣ ಪಾಂಪ್ಲೆಟ್ ಲೆಕ್ಕ ಹಾಕಿದ ಚೀಟಿ ಇದ್ದರೆ ತೆಗೆದು ನೋಡಿ. 1,600 + 80 ಅಂತ ಅದರಲ್ಲೇ ಇರಬಹುದು.

ಹೀಗೆ ಹಿಂದಕ್ಕೆ ಲೆಕ್ಕ ಹಾಕುವುದನ್ನು ರೂಢಿ ಮಾಡಿಕೊಳ್ಳಿ. ಎರಡು ಬೆಲೆಗಳ ನಡುವಿನ ವ್ಯತ್ಯಾಸ ಸರಿಯಾಗಿ 5% ಇದ್ದರೆ ಗೊಂದಲ ತೆರಿಗೆಯದ್ದು. ಅಂಗಡಿಯಲ್ಲಿ ಸಿಕ್ಕ ರಿಯಾಯಿತಿ ಜಾಹೀರಾತಿಗಿಂತ ಒಂದೆರಡು ಪರ್ಸೆಂಟ್ ಕಡಿಮೆ ಇದ್ದರೆ ಎಲ್ಲೋ ಎರಡು ರಿಯಾಯಿತಿಗಳನ್ನು ಒಂದರ ಮೇಲೊಂದು ಹಾಕಿದ್ದಾರೆ. ಅಂಕಿ ಯಾವುದಕ್ಕೂ ಹೊಂದದಿದ್ದರೆ ಹಳೇ ಟ್ಯಾಗ್ ಅಥವಾ ಹೋದ ವರ್ಷದ ಫೈಲ್ ಒಳಗೆ ನುಗ್ಗಿದೆ.

ಈಗ ಯಾವುದನ್ನು ಉಳಿಸಬೇಕು ಅನ್ನುವ ಮಾತು. ಸಾಮಾನ್ಯವಾಗಿ ಅಂಗಡಿಯವರು "ನಾವು ಅಂದುಕೊಂಡಿದ್ದು ಇದು" ಅಂತ ಶುರು ಮಾಡುತ್ತಾರೆ. ನಾನು ಅಲ್ಲಿಂದ ಶುರು ಮಾಡಲ್ಲ. ಯಾವ ಮಾತು ಗಿರಾಕಿ ಕೈಗೆ ಹೋಗಿ ಆಗಿದೆ, ಯಾವುದನ್ನು ವಾಪಸ್ ತರಲು ಆಗುವುದಿಲ್ಲ, ಅದು ಮೊದಲು. ಬ್ಯಾನರ್ ಇಳಿಸಬಹುದು. ಸ್ಟೇಟಸ್ ಅಳಿಸಬಹುದು. ಪೇಪರ್ ಒಳಗೆ ಇಟ್ಟು ಹಂಚಿದ 5,000 ಪಾಂಪ್ಲೆಟ್‌ಗಳನ್ನು ಮನೆಮನೆಗೆ ಹೋಗಿ ತರಲು ಆಗಲ್ಲ. ಹಾಗಾಗಿ ನಿಮ್ಮ ಸೇಲ್‌ಗೆ ಪಾಂಪ್ಲೆಟ್‌ನ 30%ನೇ ತಳಹದಿ. ವಾಟ್ಸಾಪ್‌ನ 28% ಅದಕ್ಕಿಂತ ಕಡಿಮೆ, ಅದನ್ನು 30%ಗೆ ಏರಿಸಿದರೆ ಯಾರಿಗೂ ಬೇಜಾರಿಲ್ಲ. ಆಟೋ ಕೇಳಿ 1,600 ಅಂತ ಬಂದವರಿಗೆ ಆ ಸೀರೆಯನ್ನು 1,600ಕ್ಕೇ ಕೊಟ್ಟುಬಿಡಿ. 80 ರೂಪಾಯಿ ಮಾತು. ಆಟೋ ನಿಂತ ಮೂರ್ನಾಲ್ಕು ದಿನದಲ್ಲಿ ಅಂಥವರು ಬರುವುದು ತಾನಾಗಿ ನಿಲ್ಲುತ್ತದೆ.

ರೇಷ್ಮೆ ವಿಷಯ ಅಷ್ಟು ಸುಲಭ ಅಲ್ಲ. 12,000ದ ಸೀರೆಗೆ 10% ಅಂದರೆ 1,200, 30% ಅಂದರೆ 3,600. ಒಂದೊಂದು ಸೀರೆಗೂ 2,400 ರೂಪಾಯಿ ನಿಮ್ಮ ಕೈಯಿಂದ ಹೋಗುತ್ತದೆ. ಅಣ್ಣ "ಕಂಡಿಷನ್ಸ್ ಅಪ್ಲೈ" ಅಂತ ಹಾಕಿಸಿದ್ದೀವಲ್ಲ ಅನ್ನಬಹುದು. ನೋಡಿದೆ. ಪಾಂಪ್ಲೆಟ್ ಪೂರ್ತಿ ಕನ್ನಡ, ಆ ಎರಡು ಪದ ಮಾತ್ರ ಇಂಗ್ಲಿಷ್, ಅದೂ ಕೆಳಗಿನ ಅಂಚಿನಲ್ಲಿ ಇರುವೆ ಸಾಲಿನ ಥರ. ದಾರಿ ತಪ್ಪಿಸುವ ಜಾಹೀರಾತು ತಡೆಯಲು 2022ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ತಂದ ಮಾರ್ಗಸೂಚಿ ಇದನ್ನು ನೇರವಾಗಿ ಹೇಳುತ್ತದೆ. ಷರತ್ತು ಇರುವುದಾದರೆ ಜಾಹೀರಾತಿನ ಮಾತು ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ ಇರಬೇಕು, ಅದೇ ಅಕ್ಷರದಲ್ಲಿ ಇರಬೇಕು, ಎದ್ದು ಕಾಣಬೇಕು. ಅದಕ್ಕಿಂತ ದೊಡ್ಡ ಮಾತು, "ಎಲ್ಲ ಸೀರೆ" ಅಂತ ಮೇಲೆ ಹೇಳಿ ಕೆಳಗೆ ಷರತ್ತಿನಲ್ಲಿ ರೇಷ್ಮೆ ತೆಗೆಯಲು ಬರುವುದಿಲ್ಲ. ಷರತ್ತು ಮೇಲಿನ ಮಾತನ್ನು ವಿವರಿಸಬಹುದು, ಉಲ್ಟಾ ಮಾಡುವ ಹಾಗಿಲ್ಲ. ನಿಮ್ಮದರಲ್ಲಿ ರೇಷ್ಮೆ ಅನ್ನುವ ಪದವೇ ಇಲ್ಲ.

ಹಾಗಂತ ಆಷಾಢ ಪೂರ್ತಿ ನಷ್ಟ ಮಾಡಿಕೊಳ್ಳಿ ಅಂತಲೂ ನಾನು ಹೇಳಲ್ಲ. ತಪ್ಪಾಗಿದೆ ಅಂತ ಒಪ್ಪಿಕೊಂಡು ಮುಂದಿನ ದಿನದಿಂದ ಬದಲಾಯಿಸಬಹುದು. ಯಾವ ಪೇಪರ್‌ಗಳ ಜೊತೆ ಮೊದಲ ಪಾಂಪ್ಲೆಟ್ ಹೋಯಿತೋ ಅವೇ ಪೇಪರ್‌ಗಳ ಜೊತೆ, ಅವೇ ಬಡಾವಣೆಗಳಿಗೆ, ಜುಲೈ 6ರ ಭಾನುವಾರ ಒಂದು ಸಣ್ಣ ತಿದ್ದುಪಡಿ ಚೀಟಿ ಕಳಿಸಿ. ಬಣ್ಣ, ಹೂವು, ದೇವಿ ಚಿತ್ರ ಏನೂ ಬೇಡ. "ನಮ್ಮ ಪಾಂಪ್ಲೆಟ್‌ನಲ್ಲಿ ತಪ್ಪಾಗಿದೆ. ಜುಲೈ 7ರಿಂದ ರೇಷ್ಮೆ ಸೀರೆಗೆ ರಿಯಾಯಿತಿ 10%. ಬೇರೆ ಎಲ್ಲ ಸೀರೆಗಳಿಗೆ 30% ಹಾಗೇ ಇದೆ. ಹಳೆಯ ಪಾಂಪ್ಲೆಟ್ ತಂದವರಿಗೆ ರೇಷ್ಮೆಗೂ 30% ಕೊಡುತ್ತೇವೆ." ಕೊನೆಯ ಸಾಲು ಓದಿ ಅಣ್ಣ ಬೈಯಬಹುದು. ಆದರೆ ಪೇಪರ್ ಜೊತೆ ಬಂದ ಪಾಂಪ್ಲೆಟ್ ಎಷ್ಟು ಮನೆಗಳಲ್ಲಿ ವಾರದ ಮೇಲೆ ಉಳಿದಿರುತ್ತದೆ? ಅದನ್ನು ಎತ್ತಿಟ್ಟುಕೊಂಡವರು ರೇಷ್ಮೆ ತೆಗೆದುಕೊಳ್ಳಬೇಕು ಅಂತಲೇ ಎತ್ತಿಟ್ಟಿರುತ್ತಾರೆ. ಅವರನ್ನು ಬಾಗಿಲಲ್ಲಿ ಎದುರು ಹಾಕಿಕೊಳ್ಳಬೇಡಿ. ದೂರು ಹೋಗುವುದೂ ಅವರಿಂದಲೇ. 1915ಕ್ಕೆ ಒಂದು ಫೋನ್ ಸಾಕು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷದ ತನಕ ದಂಡ ಹಾಕಲು ಅವಕಾಶ ಇದೆ. ಮಂಡ್ಯದ ಒಂದು ಸೀರೆ ಅಂಗಡಿಯ ಪಾಂಪ್ಲೆಟ್ ಅಲ್ಲಿಯ ತನಕ ಹೋಗುತ್ತದೆ ಅಂತ ಹೆದರಿಸುತ್ತಿಲ್ಲ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಒಂದು ಸಲ ಅಲೆದರೂ ಸಾಕು, ಸೇಲ್‌ನ ಲಾಭ ಅಲ್ಲೇ ಹೋಗುತ್ತದೆ.

ಬ್ಯಾನರ್‌ಗೆ ಬರೋಣ. "50% ತನಕ ರಿಯಾಯಿತಿ" ಅಂತಿದೆ. 50 ಅನ್ನುವುದು ಆಳೆತ್ತರ, "ತನಕ" ಅನ್ನುವುದು ಕೈಬೆರಳಷ್ಟು. ಕನ್ನಡದಲ್ಲಿ ಈ ಪದದ ಒಂದು ತಮಾಷೆ ಇದೆ. "50% ತನಕ" ಅಂದರೆ ಐವತ್ತೇ ಸಿಗಬೇಕಾಗಿಲ್ಲ, ಅದಕ್ಕಿಂತ ಕಡಿಮೆ ಸಿಗಬಹುದು. "24ರ ತನಕ" ಅಂದರೆ 24 ಸೇರಿದೆಯೋ ಇಲ್ಲವೋ ಗೊತ್ತಿಲ್ಲ. ಒಂದೇ ಪದ ಎರಡು ಕಡೆ ಎರಡು ಥರ ಜಾರುತ್ತದೆ. ನಾನು ಜಾಹೀರಾತಿನಲ್ಲಿ ಆ ಪದವನ್ನೇ ಬಿಟ್ಟು ಎಷ್ಟೋ ವರ್ಷ ಆಯಿತು.

ನಿಮ್ಮಲ್ಲಿ 50% ಇರುವುದು ಹಳೇ ಸ್ಟಾಕಿನ ಸುಮಾರು 40 ಸೀರೆಗಳಿಗೆ ಮಾತ್ರ ಅಂತ ಬರೆದಿದ್ದೀರಿ. ಅವಕ್ಕೆಲ್ಲ ಕೆಂಪು ಟ್ಯಾಗ್ ಕಟ್ಟಿ ಒಂದು ಕಪಾಟಿನಲ್ಲಿ ಇಡಿ. ಬ್ಯಾನರ್ ಮೇಲೆ ಬಟ್ಟೆ ಅಂಟಿಸಿ "ಕೆಂಪು ಟ್ಯಾಗ್ ಸೀರೆಗಳಿಗೆ 50%, ಸ್ಟಾಕ್ ಇರುವವರೆಗೆ" ಅಂತ ಬರೆಸಿ. ಆ 40 ಸೀರೆ ಖಾಲಿಯಾದ ದಿನ ಬ್ಯಾನರ್ ಇಳಿಯಬೇಕು. ಖಾಲಿ ಕಪಾಟಿನ ಮೇಲೆ 50% ನೇತಾಡುತ್ತಿದ್ದರೆ ಅದು ಗಾಳ ಹಾಕಿ ಕರೆದ ಹಾಗೆ, ಅದಕ್ಕೂ ಮಾರ್ಗಸೂಚಿಯಲ್ಲಿ ತಡೆ ಇದೆ. ಇನ್ನೊಂದು ಪ್ರಶ್ನೆ ಖಂಡಿತ ಬರುತ್ತದೆ: 30ರ ಮೇಲೆ 50ರಾ, ಇಲ್ಲ 30ರ ಬದಲು 50ರಾ? ಮೊದಲೇ ಬರೆದುಬಿಡಿ, "30% ಇದರಲ್ಲೇ ಸೇರಿದೆ" ಅಂತ.

ತಾರೀಕಿನ ಜಗಳಕ್ಕೆ ಕಾರಣ ಪಂಚಾಂಗ. ಪಾಂಪ್ಲೆಟ್‌ನಲ್ಲಿ "ಆಷಾಢ ಮುಗಿಯುವ ತನಕ" ಅಂತಿದೆ. ಈ ಸಲ, ಅಂದರೆ 2025ರಲ್ಲಿ, ಆಷಾಢ ಜೂನ್ 26ಕ್ಕೆ ಶುರುವಾಗಿ ಜುಲೈ 24ರ ಭೀಮನ ಅಮಾವಾಸ್ಯೆಗೆ ಮುಗಿಯುತ್ತದೆ. ಅಮಾವಾಸ್ಯೆ ಆಷಾಢದ ಒಳಗೇ. ಆದರೆ ಎಷ್ಟೋ ಜನರ ಲೆಕ್ಕದಲ್ಲಿ ಅಮಾವಾಸ್ಯೆ ಬಂತು ಅಂದರೆ ಆಷಾಢ ಮುಗಿಯಿತು, ಅವತ್ತೇ ಹಬ್ಬ ಶುರು. ಇನ್ನು ಕೆಲವರಿಗೆ ಆಷಾಢ ಅಂದರೆ ಚಾಮುಂಡಿ ಬೆಟ್ಟದ ಶುಕ್ರವಾರಗಳು. ಕೊನೆಯ ಶುಕ್ರವಾರ ಜುಲೈ 18ಕ್ಕೆ ಆದಮೇಲೆ ಅವರ ತಲೆಯಲ್ಲಿ ಆಷಾಢ ಇರಲ್ಲ. ಭೀಮನ ಅಮಾವಾಸ್ಯೆ ದಿನ ಸೀರೆ ತೆಗೆದುಕೊಳ್ಳಲು ಬರುವ ಹೆಣ್ಣುಮಕ್ಕಳು ಜಾಸ್ತಿ, ಜಗಳ ಆಗುವುದಾದರೆ ಅವತ್ತೇ ಆಗುತ್ತದೆ. ಪಾಂಪ್ಲೆಟ್ ಮಾತಿಗೆ ಗಿರಾಕಿಗೆ ಅನುಕೂಲ ಆಗುವ ಅರ್ಥವನ್ನೇ ಹಿಡಿಯಿರಿ: 24 ಸೇರಿದೆ, ಅಂಗಡಿ ಬಾಗಿಲು ಹಾಕುವ ಹೊತ್ತಿನವರೆಗೆ.

ವಾಟ್ಸಾಪ್‌ನ "ಈ ಭಾನುವಾರದವರೆಗೆ ಮಾತ್ರ" ಇನ್ನೂ ಕೆಟ್ಟದ್ದು. ಜೂನ್ 27ಕ್ಕೆ ಕಳಿಸಿದ ಮೆಸೇಜಿನಲ್ಲಿ ಅದು ಜೂನ್ 29. ಅದೇ ಮೆಸೇಜನ್ನು ಯಾರೋ ಬುಧವಾರ ತಮ್ಮ ಗುಂಪಿಗೆ ಕಳಿಸಿದರೆ ಅದು ಜುಲೈ 6 ಆಗುತ್ತದೆ. ಮುಂದಿನ ವಾರ ಇನ್ನೊಬ್ಬರು ಕಳಿಸಿದರೆ 13. ವಾಟ್ಸಾಪ್ ಮೆಸೇಜಿಗೆ ಸಾವಿಲ್ಲ. ಇಂದು, ನಾಳೆ, ಈ ವಾರ, ಮೂರೇ ದಿನ, ಇವೆಲ್ಲ ಓದುವವರ ದಿನಕ್ಕೆ ತಕ್ಕ ಹಾಗೆ ಬದಲಾಗುವ ಪದಗಳು. ತಾರೀಕು, ವಾರ, ವರ್ಷ ಮೂರೂ ಬರೆಯಬೇಕು. ಅದೂ ಚಿತ್ರದ ಒಳಗೇ ಬರೆಯಬೇಕು. ಚಿತ್ರದ ಕೆಳಗೆ ಟೈಪ್ ಮಾಡಿದ ಸಾಲು ಫಾರ್ವರ್ಡ್ ಆಗುವಾಗ ಎಷ್ಟೋ ಸಲ ಬಿದ್ದುಹೋಗುತ್ತದೆ.

ಇನ್ನು ಮಾಡಬೇಕಾದ ಕೆಲಸ. ಒಂದು ಹಾಳೆ ತೆಗೆದುಕೊಂಡು ಆಫರ್ ಏನು ಅನ್ನುವುದನ್ನು ಒಂದೇ ಕಡೆ, ಒಬ್ಬರೇ ಬರೆಯಿರಿ. ನಿಮ್ಮದು ಹೀಗಿರಬಹುದು:

"ಟ್ಯಾಗ್ ಬೆಲೆಯ ಮೇಲೆ 30% ಕಡಿಮೆ, ರೇಷ್ಮೆ ಬಿಟ್ಟು ಎಲ್ಲ ಸೀರೆಗಳಿಗೆ. ರೇಷ್ಮೆಗೆ 10%. ಕೆಂಪು ಟ್ಯಾಗ್ ಸೀರೆಗಳಿಗೆ 50%, 30% ಇದರಲ್ಲೇ ಸೇರಿದೆ. ಬೆಲೆಯಲ್ಲಿ ಜಿಎಸ್‌ಟಿ ಸೇರಿದೆ. ಜುಲೈ 7 ಸೋಮವಾರದಿಂದ 2025ರ ಜುಲೈ 24 ಗುರುವಾರ ರಾತ್ರಿ 9 ಗಂಟೆಯವರೆಗೆ, ಅಮಾವಾಸ್ಯೆ ದಿನವೂ ಸೇರಿ. ಉದಾಹರಣೆ: 2,400ರ ಕಾಟನ್ ಸೀರೆ 1,680."

ಉದಾಹರಣೆ ಬಿಡಬೇಡಿ. ಪರ್ಸೆಂಟ್ ಅನ್ನು ಹತ್ತು ಜನ ಹತ್ತು ಥರ ಲೆಕ್ಕ ಹಾಕಬಹುದು. 2,400ರದ್ದು 1,680 ಅಂದಮೇಲೆ ಎಲ್ಲ ಸಂಶಯವೂ ತೀರಿತು: ಎರಡು ರಿಯಾಯಿತಿ ಇಲ್ಲ, ತೆರಿಗೆ ಮೇಲೆ ಬರುವುದಿಲ್ಲ.

ಅಣ್ಣ, ಮಗಳು, ಆಟೋದವರು, ಬ್ಯಾನರ್ ಬರೆಯುವವರು, ಯಾರಿಗೇ ಆದರೂ ಈ ಹಾಳೆಯ ಫೋಟೊನೇ ಹೋಗಬೇಕು. ಫೋನಿನಲ್ಲಿ ಬಾಯಿಮಾತು ಬೇಡ. ಅವರು ಮಾಡಿ ತಂದದ್ದನ್ನು ಈ ಹಾಳೆಯ ಜೊತೆ ಮಾತ್ರ ಹೋಲಿಸಬೇಕು. ಪಾಂಪ್ಲೆಟ್ ನೋಡಿ ಬ್ಯಾನರ್, ಬ್ಯಾನರ್ ನೋಡಿ ವಾಟ್ಸಾಪ್ ಅಂತ ಸರಪಳಿ ಮಾಡಿದರೆ ಒಂದರ ತಪ್ಪು ಎಲ್ಲದಕ್ಕೂ ಹಬ್ಬುತ್ತದೆ.

ಹೋಲಿಸುವಾಗ ಅಕ್ಷರ ಓದಬೇಡಿ. ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ಮೈಸೂರಿನ ಒಂದು ಪ್ರೆಸ್‌ನಲ್ಲಿ ಡಿಟಿಪಿ ಮಾಡುತ್ತಿದ್ದ ಕಾಲದಲ್ಲಿ ದಸರಾಗೆ ಒಂದು ಅಂಗಡಿಯ ಎರಡು ಬದಿಯ ಪಾಂಪ್ಲೆಟ್ ಬಂತು. ಮಾಲೀಕರು ಕೊನೆಯ ದಿನ ಬದಲಾಯಿಸಿ ಅಂದರು. ಮುಂದಿನ ಬದಿಯಲ್ಲಿ ಬದಲಾಯಿಸಿದೆ, ಹಿಂದಿನ ಬದಿ ಮರೆತೆ. ಪ್ರೂಫ್ ಅನ್ನು ನಾನೂ ಓದಿದೆ, ಅವರೂ ಓದಿದರು, ಇಬ್ಬರೂ ಕಾಗುಣಿತ ನೋಡಿದೆವು. 8,000 ಪ್ರತಿ ಅಚ್ಚಾದ ಮೇಲೆ ಪಾಂಪ್ಲೆಟ್ ಮಡಚುತ್ತಿದ್ದ ಹುಡುಗ ಕೇಳಿದ, "ಸಾರ್, ಈ ಕಡೆ ಒಂದು ತಾರೀಕು, ಆ ಕಡೆ ಇನ್ನೊಂದು ಯಾಕೆ?" ಮತ್ತೆ ಅಚ್ಚು ಹಾಕಿಸಿದ ಖರ್ಚು ನನ್ನ ಸಂಬಳದಲ್ಲಿ ಹೋಯಿತು. ಅಂದಿನಿಂದ ನಾನು ಪ್ರೂಫ್ ಎರಡು ಸಲ ನೋಡುತ್ತೇನೆ. ಎರಡನೇ ಸಲ ಕೆಂಪು ಪೆನ್ ಹಿಡಿದು ಅಂಕಿಗಳಿಗೆ ಮಾತ್ರ ಸುತ್ತು ಹಾಕುತ್ತೇನೆ. ಹಾಕಿದ ಪ್ರತಿ ಸುತ್ತಿಗೂ ಮೂಲ ಹಾಳೆಯಲ್ಲಿ ಜೋಡಿ ಇರಬೇಕು. ಜೋಡಿ ಸಿಗದ ಸುತ್ತೇ ತಪ್ಪು.

ಕಂಪ್ಯೂಟರಿನಲ್ಲಿ 30 ಅಂತ ಹುಡುಕಿ ತಿದ್ದಿಬಿಡುತ್ತೇನೆ ಅಂತ ನಂಬಬೇಡಿ. ಅದು 30ನ್ನು ಮಾತ್ರ ಹಿಡಿಯುತ್ತದೆ. "೩೦", "ಶೇಕಡಾ ಮೂವತ್ತು", ಚಿತ್ರದೊಳಗೆ ಅಚ್ಚಾದ 30, ಆಟೋದ ರೆಕಾರ್ಡಿಂಗ್, ಇವು ಯಾವುವೂ ಸಿಗಲ್ಲ. ರೆಕಾರ್ಡಿಂಗ್ ಅನ್ನು ಪೂರ್ತಿ ಕೇಳಬೇಕು, ಪೆನ್ ಹಿಡಿದು ಕೇಳಿದ ಅಂಕಿ ಬರೆದುಕೊಳ್ಳಬೇಕು. ಬೇರೆ ದಾರಿ ಇಲ್ಲ.

ಎಲ್ಲ ಮುಗಿದ ಮೇಲೆ ಗಲ್ಲಾದಲ್ಲಿ ಪರೀಕ್ಷೆ. ಬೆಳಗ್ಗೆ ಬಾಗಿಲು ತೆಗೆಯುವ ಮುಂಚೆ ಮೂರು ಸೀರೆ ಸ್ಕ್ಯಾನ್ ಮಾಡಿಸಿ: ಒಂದು ಕಾಟನ್, ಒಂದು ರೇಷ್ಮೆ, ಒಂದು ಕೆಂಪು ಟ್ಯಾಗ್. ಮೂರೂ ತಲಾ 2,400ರದ್ದು ಆದರೆ ಬಿಲ್ 1,680, 2,160, 1,200 ಬರಬೇಕು, ಒಂದು ರೂಪಾಯಿಯೂ ಆಚೀಚೆ ಆಗಬಾರದು. ಕೆಂಪು ಟ್ಯಾಗ್‌ಗೆ 840 ಬಂದರೆ 50ರ ಮೇಲೆ 30 ಮತ್ತೆ ಬಿದ್ದಿದೆ ಅಂತ ಅರ್ಥ. ಆಮೇಲೆ ಕಂಪ್ಯೂಟರಿನ ತಾರೀಕನ್ನು ಒಮ್ಮೆ ಕೇಳಿ. ರಿಯಾಯಿತಿ ಎಂದು ತಾನಾಗಿ ನಿಲ್ಲುತ್ತದೆ ಅಂತ ಸಾಫ್ಟ್‌ವೇರ್‌ನಲ್ಲಿ ಹಾಕಿರುತ್ತಾರೆ. ಕೊನೆಯ ದಿನ 24 ಅಂತ ಹಾಕಿದರೆ ಕೆಲವು 23ರ ರಾತ್ರಿಯೇ ನಿಲ್ಲಿಸುತ್ತವೆ, ಕೆಲವು 24ರ ರಾತ್ರಿಯವರೆಗೆ ನಡೆಸುತ್ತವೆ. ಸಾಫ್ಟ್‌ವೇರ್ ಹಾಕಿಕೊಟ್ಟವರಿಗೆ ಫೋನ್ ಮಾಡಿ ನಿಮ್ಮದು ಯಾವ ಥರ ಅಂತ ಈಗಲೇ ಕೇಳಿಟ್ಟುಕೊಳ್ಳಿ. ಅಮಾವಾಸ್ಯೆ ದಿನ ಬೆಳಗ್ಗೆ ಗಿರಾಕಿ ಎದುರು ಗೊತ್ತಾಗುವುದು ಬೇಡ.

ವಾಟ್ಸಾಪ್‌ನಲ್ಲಿ ಹಳೇ ಮೆಸೇಜ್ ಕಳಿಸಿದ ಗುಂಪುಗಳಿಗೆಲ್ಲ ಹೊಸ ಚಿತ್ರ ಕಳಿಸಲು ಮಗಳಿಗೆ ಹೇಳಿ, ಮೇಲೆ "ಹಿಂದಿನ ಮೆಸೇಜ್ ಬದಲು ಇದು" ಅಂತಿರಲಿ. ಬಣ್ಣ ಬೇರೆ ಇರಲಿ. ಒಂದೇ ಬಣ್ಣದ ಎರಡು ಚಿತ್ರ ಇದ್ದರೆ ಯಾವುದು ಹಳೆಯದು ಅಂತ ಯಾರಿಗೂ ತಿಳಿಯಲ್ಲ. ಅಂಗಡಿಯಲ್ಲಿ ಸೀರೆ ತೋರಿಸುವ ಹುಡುಗಿಯರಿಗೂ ಮೂಲ ಹಾಳೆಯ ಒಂದೊಂದು ಜೆರಾಕ್ಸ್ ಕೊಡಿ. ಗಿರಾಕಿ ಮೊದಲು ಕೇಳುವುದು ಅವರನ್ನೇ.

ಸೇಲ್ ಮುಗಿದ 25ರ ಬೆಳಗ್ಗೆ ಬ್ಯಾನರ್ ಇಳಿಸಿ, ಸ್ಟೇಟಸ್ ತೆಗೆದು, ಎಲ್ಲ ಫೈಲ್‌ಗಳ ಹೆಸರಿಗೂ 2025 ಅಂತ ಸೇರಿಸಿ ಎತ್ತಿಡಿ. ಮುಂದಿನ ವರ್ಷ ಅದೇ ಫೈಲ್ ತೆಗೆದು ಬೆಲೆ ಮಾತ್ರ ಬದಲಾಯಿಸಿದರೆ ಕೆಟ್ಟಿರಿ. 2026ರಲ್ಲಿ ಅಧಿಕ ಜ್ಯೇಷ್ಠ ಇದೆ. ಆಷಾಢ ಜುಲೈ 15ಕ್ಕೆ ಶುರುವಾಗಿ ಭೀಮನ ಅಮಾವಾಸ್ಯೆ ಆಗಸ್ಟ್ 12ಕ್ಕೆ ಬರುತ್ತದೆ.